ಗೋದಾಮು ಪೂರೈಕೆ ವರದಿ

ಗೋದಾಮು ಪೂರೈಕೆ ವರದಿ ಎಂಬುದು ಗೋದಾಮಿಗೆ ಬಂದ ಆರ್ಡರುಗಳನ್ನು ಎಷ್ಟು ಸರಿಯಾಗಿ ಆಯ್ದು ತೆಗೆಯಲಾಯಿತು ಮತ್ತು ಆರ್ಡರು ಬಂದ ಗಳಿಗೆಯಿಂದ ಸರಕು ಬಾಗಿಲು ದಾಟುವವರೆಗೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ಪಾಳಿವಾರು ದಾಖಲಿಸುವ ಪತ್ರ. ಮೊದಲನೆಯ ಅಳತೆಯನ್ನು ಆಯ್ಕೆಯ ನಿಖರತೆ ಎಂದೂ ಎರಡನೆಯದನ್ನು ರವಾನೆ ಅವಧಿ ಎಂದೂ ಕರೆಯುತ್ತಾರೆ. ಬೆಂಗಳೂರಿನ ಸುತ್ತಲಿನ ಹೊಸಕೋಟೆ, ನೆಲಮಂಗಲ, ಮಾಲೂರು ಭಾಗಗಳ ದೊಡ್ಡ ಗೋದಾಮುಗಳಲ್ಲಿ ಇಂಥ ವರದಿ ಗಣಕಯಂತ್ರದಲ್ಲಿ ತಾನಾಗಿಯೇ ಸಿದ್ಧವಾಗುತ್ತದೆ. ಸಣ್ಣ ಊರಿನ ದಾಸ್ತಾನು ಮಳಿಗೆಯಲ್ಲಿ ಅದೇ ಕೆಲಸವನ್ನು ಒಂದು ರಿಜಿಸ್ಟರು ಮತ್ತು ಒಂದು ಲೆಕ್ಕಹಾಳೆ ಮಾಡಬಲ್ಲವು.

ವರದಿಯಲ್ಲಿ ಅಂಕಿಗಳು ಕೆಲವೇ ಇದ್ದರೂ ಅವನ್ನು ಓದುವುದು ಸುಲಭವಲ್ಲ. ಒಂದು ಆರ್ಡರು ಒಂದು ಪಾಳಿಯಲ್ಲಿ ಬಂದು, ಇನ್ನೊಂದರಲ್ಲಿ ಆಯ್ಕೆಯಾಗಿ, ಮೂರನೆಯದರಲ್ಲಿ ಹೊರಡಬಹುದು. ಅದರ ತಡವನ್ನೂ ತಪ್ಪನ್ನೂ ಯಾವ ಪಾಳಿಯ ಹೆಸರಿಗೆ ಬರೆಯಬೇಕು ಎಂಬ ಪ್ರಶ್ನೆಯನ್ನು ಮೊದಲೇ ಇತ್ಯರ್ಥಪಡಿಸದ ವರದಿಯು ಸಾಮಾನ್ಯವಾಗಿ ತಪ್ಪು ಜನರನ್ನು ದೂಷಿಸುತ್ತದೆ.

## ಬೀಜದ ಗೋದಾಮಿನ ಸಂದರ್ಭ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಮತ್ತು ಹಿರೇಕೆರೂರು ಭಾಗಗಳು ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದವು. ಮೆಕ್ಕೆಜೋಳ, ಹತ್ತಿ, ತರಕಾರಿ ಬೀಜಗಳ ವ್ಯಾಪಾರವೂ ಇಲ್ಲಿ ಬಲವಾಗಿ ಬೇರೂರಿದೆ. ಮುಂಗಾರಿನ ಹೊಸ್ತಿಲಲ್ಲಿ, ಅಂದರೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಬೀಜದ ಮಳಿಗೆಗಳಿಗೆ ಬಿಡುವೆಂಬುದಿಲ್ಲ. ಮಳೆ ಬಿದ್ದ ಮರುದಿನವೇ ರೈತನು ಅಂಗಡಿಯ ಮುಂದೆ ನಿಂತಿರುತ್ತಾನೆ. ನೆಲದ ಹದ ಕೆಲವೇ ದಿನ ಇರುವುದರಿಂದ, ಎರಡು ದಿನ ತಡವಾಗಿ ಬಂದ ಬೀಜವು ಬಾರದ ಬೀಜಕ್ಕೆ ಸಮವಾಗುವುದುಂಟು.

ಬೀಜದ ಆಯ್ಕೆಯಲ್ಲಿ ತಪ್ಪಿಗೆ ಇರುವ ದಾರಿಗಳು ಪುಸ್ತಕ ಅಥವಾ ಬಟ್ಟೆಯ ಗೋದಾಮಿನಲ್ಲಿರುವುದಕ್ಕಿಂತ ಹೆಚ್ಚು. ಬೆಳೆ, ತಳಿ, ಪೊಟ್ಟಣದ ತೂಕ, ಎಣಿಕೆ ಈ ನಾಲ್ಕೂ ಸರಿಯಾಗಿದ್ದು, ಲಾಟ್ ಸಂಖ್ಯೆ ಮಾತ್ರ ಬೇರೆಯಾಗಿದ್ದರೂ ಅದು ತಪ್ಪೇ. 1966ರ ಬೀಜ ಅಧಿನಿಯಮ ಮತ್ತು 1983ರ ಬೀಜ ನಿಯಂತ್ರಣ ಆದೇಶಗಳ ವ್ಯವಸ್ಥೆಯಲ್ಲಿ ಲಾಟ್ ಸಂಖ್ಯೆಯೇ ಬೀಜದ ಗುರುತು. ಮೊಳಕೆ ಪರೀಕ್ಷೆ ನಡೆಯುವುದು ಲಾಟಿಗೆ. ಪ್ರಮಾಣಿತ ಬೀಜಕ್ಕೆ ಪರೀಕ್ಷೆಯ ದಿನದಿಂದ ಮೊದಲಿಗೆ ದೊರೆಯುವ ಒಂಬತ್ತು ತಿಂಗಳ ಅವಧಿಯೂ ಲಾಟಿಗೆ ಸೇರಿದ್ದು. ಮೊಳಕೆ ಬಾರದಿದ್ದಾಗ ರೈತನು ಹಿಡಿದು ಬರುವ ಚೀಟಿಯಲ್ಲಿರುವುದೂ ಅದೇ ಸಂಖ್ಯೆ. ಬಿಲ್ಲಿನಲ್ಲಿ ಒಂದು ಲಾಟ್, ಚೀಲದಲ್ಲಿ ಇನ್ನೊಂದು ಇದ್ದರೆ ಪರಿಹಾರದ ದಾರಿ ಅಲ್ಲಿಗೇ ಕಗ್ಗಂಟಾಗುತ್ತದೆ.

## ಆಯ್ಕೆಯ ನಿಖರತೆ

ಆರ್ಡರಿನಲ್ಲಿ ಒಂದು ಸರಕಿಗೆ ಒಂದು ಸಾಲು. ಇಂಥ ತಳಿ, ಇಷ್ಟು ತೂಕದ ಪೊಟ್ಟಣ, ಇಷ್ಟು ಸಂಖ್ಯೆ ಎಂದು ಬರೆದದ್ದು ಒಂದು ಸಾಲು ಎನಿಸುತ್ತದೆ. ನಿಖರತೆಯನ್ನು ಸಾಮಾನ್ಯವಾಗಿ ಈ ಸಾಲುಗಳ ಮೇಲೆ ಲೆಕ್ಕ ಹಾಕುತ್ತಾರೆ:

```
ನಿಖರತೆ = (ಸರಿಯಾಗಿ ಆಯ್ದ ಸಾಲುಗಳು ÷ ಆಯ್ದ ಒಟ್ಟು ಸಾಲುಗಳು) × 100
```

ಸಾಲಿನ ಬದಲು ಪೊಟ್ಟಣಗಳನ್ನು ಎಣಿಸಿದರೆ ಅಂಕಿ ಚೆಲುವಾಗಿ ಕಾಣುತ್ತದೆ, ಏಕೆಂದರೆ ಇನ್ನೂರು ಪೊಟ್ಟಣದ ಒಂದು ಸರಿಯಾದ ಸಾಲು ಹಲವು ಸಣ್ಣ ತಪ್ಪುಗಳನ್ನು ಮುಚ್ಚಿಬಿಡುತ್ತದೆ. ಇಡೀ ಆರ್ಡರನ್ನೇ ಎಣಿಸಿದರೆ ಅಂಕಿ ಕಟುವಾಗುತ್ತದೆ. ಸಾಲಿನ ಮೇಲಿನ ನಿಖರತೆ ಶೇಕಡಾ 99.5 ಇದ್ದರೂ, ಹತ್ತು ಸಾಲಿನ ಆರ್ಡರೊಂದು ಪೂರ್ತಿ ಸರಿಯಾಗಿ ಹೋಗುವ ಸಂಭವ ಸುಮಾರು ಶೇಕಡಾ 95 ಮಾತ್ರ. ಅಂದರೆ ನೂರು ಅಂಗಡಿಕಾರರಲ್ಲಿ ಐವರು ಏನಾದರೊಂದು ತಪ್ಪನ್ನು ಕಾಣುತ್ತಾರೆ. ಮಾಲೀಕನು ಶೇಕಡಾ 99.5 ಎಂದು ನೆಮ್ಮದಿಯಿಂದಿರುವಾಗ ಫೋನು ಮಾತ್ರ ಬಿಡದೆ ಬಾರಿಸುತ್ತಿರುವುದರ ಗುಟ್ಟು ಇದೇ. ಆದ್ದರಿಂದ ಯಾವುದನ್ನು ಎಣಿಸಲಾಗಿದೆ ಎಂಬುದನ್ನು ವರದಿಯ ತಲೆಯಲ್ಲೇ ಬರೆಯಬೇಕು. ಒಂದು ತಿಂಗಳು ಸಾಲು, ಇನ್ನೊಂದು ತಿಂಗಳು ಪೊಟ್ಟಣ ಎಂದು ಬದಲಿಸಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ತಪ್ಪು ಯಾವ ದಿನ ಪತ್ತೆಯಾಯಿತೋ ಆ ದಿನಕ್ಕೆ ಅದನ್ನು ಬರೆಯುವ ರೂಢಿ ಹಲವೆಡೆ ಇದೆ. ಇದು ಸರಿಯಲ್ಲ. ಅಂಗಡಿಕಾರನು ಚೀಲವನ್ನು ಮೂರು ದಿನದ ಮೇಲೆ ಬಿಚ್ಚಿ ದೂರು ಕೊಟ್ಟರೆ, ಆ ತಪ್ಪು ಮೂರು ದಿನ ಹಿಂದೆ ಸರಕನ್ನು ಆಯ್ದ ಪಾಳಿಗೆ ಮರಳಿ ಸೇರಬೇಕು. ಹೀಗೆ ಮಾಡಬೇಕಾದರೆ ಆಯ್ಕೆಪಟ್ಟಿಯ ಮೇಲೆ ಪಾಳಿಯ ಗುರುತು ಇರಲೇಬೇಕು. ಜೊತೆಗೆ, ಹೋದ ವಾರದ ಅಂಕಿ ಈ ವಾರ ಸ್ವಲ್ಪ ಇಳಿಯುವುದು ಸಹಜವೆಂದು ಓದುವವರು ತಿಳಿದಿರಬೇಕು. ವಾರ ಮುಗಿದ ಮರುದಿನದ ವರದಿ ಕರಡು. ದೂರುಗಳು ಬರಲು ಸಾಕಷ್ಟು ದಿನ ಕೊಟ್ಟ ಮೇಲಿನದು ಖಚಿತವಾದದ್ದು.

## ರವಾನೆ ಅವಧಿ

ರವಾನೆ ಅವಧಿಯನ್ನು ಒಂದೇ ಸಂಖ್ಯೆಯಾಗಿ ಬರೆದರೆ ಅದರಿಂದ ತಿಳಿಯುವುದು ಕಡಿಮೆ. ಐದು ಗಳಿಗೆಗಳನ್ನು ಗುರುತು ಹಾಕಿದರೆ ಸಾಕು: ಆರ್ಡರು ಬಂದದ್ದು, ಆಯ್ಕೆ ಶುರುವಾದದ್ದು, ಆಯ್ಕೆ ಮುಗಿದದ್ದು, ತಪಾಸಣೆಯಾಗಿ ಬಿಲ್ಲಾದದ್ದು, ಲಾರಿ ಬಾಗಿಲು ದಾಟಿದ್ದು. ಈ ಐದರ ನಡುವಿನ ನಾಲ್ಕು ಅಂತರಗಳಲ್ಲಿ ಆಯ್ಕೆ ಮತ್ತು ತಪಾಸಣೆ ಮಾತ್ರ ಜನರ ಕೈಕೆಲಸ. ಮೊದಲನೆಯದು ಸರದಿಗಾಗಿ ಕಾಯುವುದು, ಕೊನೆಯದು ಲಾರಿಗಾಗಿ ಕಾಯುವುದು.

ಗುರುತುಗಳು ಸುಳ್ಳಾಗುವುದುಂಟು. ಬಿಲ್ಲು ಮುದ್ರಣವಾದ ಕೂಡಲೇ ‘ರವಾನೆಯಾಯಿತು’ ಎಂದು ಗುಂಡಿ ಒತ್ತಿದರೆ ಲಾರಿಗಾಗಿ ಕಾದ ಗಂಟೆಗಳು ಮಾಯವಾಗುತ್ತವೆ. ಪಾಳಿಯ ಕೊನೆಯಲ್ಲಿ ಎಲ್ಲ ಆರ್ಡರುಗಳನ್ನೂ ಒಟ್ಟಿಗೆ ದಾಖಲಿಸಿದರೆ ಹತ್ತಾರು ಆರ್ಡರುಗಳಿಗೆ ಒಂದೇ ನಿಮಿಷದ ಮುದ್ರೆ ಬೀಳುತ್ತದೆ. ಪತ್ತೆಹಚ್ಚುವ ಬಗೆ ಸರಳ: ಒಂದೇ ನಿಮಿಷಕ್ಕೆ ಗುಂಪಾಗಿ ಬಿದ್ದ ಮುದ್ರೆಗಳನ್ನು ಹುಡುಕುವುದು, ರವಾನೆಯ ಸಮಯವನ್ನು ಕಾವಲುಗಾರನ ಗೇಟ್ ಪುಸ್ತಕದೊಡನೆ ತಾಳೆ ನೋಡುವುದು. ಗೇಟ್ ಪುಸ್ತಕಕ್ಕೆ ಯಾವ ಪಾಳಿಯ ಮೇಲೂ ಪಕ್ಷಪಾತವಿಲ್ಲ.

ರಾತ್ರಿ ಪಾಳಿಯು ನಡುರಾತ್ರಿಯನ್ನು ದಾಟುವುದರಿಂದ ಲೆಕ್ಕಹಾಳೆಯಲ್ಲಿ ಇನ್ನೊಂದು ತೊಡಕಿದೆ. ಗಂಟೆಯನ್ನು ಮಾತ್ರ ಬರೆದರೆ ರಾತ್ರಿ 11ರಿಂದ ಬೆಳಗಿನ 1ರವರೆಗಿನ ಅವಧಿ ಋಣಸಂಖ್ಯೆಯಾಗಿ ಬರುತ್ತದೆ. ಪ್ರತಿ ಗುರುತಿಗೂ ದಿನಾಂಕ ಮತ್ತು ಗಂಟೆ ಎರಡನ್ನೂ ಬರೆಯುವುದೇ ಇದಕ್ಕೆ ಪರಿಹಾರ. ಬೆಳಿಗ್ಗೆ 6ಕ್ಕೆ ಶುರುವಾಗಿ ಮರುದಿನ 6ಕ್ಕೆ ಮುಗಿಯುವ ಕೆಲಸದ ದಿನವನ್ನು ಪಡೆಯಲು `B2` ಕೋಶದ ಗುರುತಿಗೆ ಈ ಸೂತ್ರ ಸಾಕು:

```
=INT(B2-6/24)
```

ಇದರಿಂದ ಬೆಳಗಿನ 3 ಗಂಟೆಯ ಕೆಲಸ ಹಿಂದಿನ ದಿನದ ರಾತ್ರಿ ಪಾಳಿಗೇ ಸೇರುತ್ತದೆ. ಕೋಶವನ್ನು ದಿನಾಂಕದ ರೂಪಕ್ಕೆ ಹೊಂದಿಸಿಕೊಳ್ಳಬೇಕು.

## ಒಂದು ನಿದರ್ಶನ

ಹಿರೇಕೆರೂರಿನಲ್ಲಿ ಮುಂಗಾರಿನ ಕಾಲಕ್ಕೆ ಮೂರು ಪಾಳಿ ನಡೆಸುವ ಬೀಜದ ಗೋದಾಮೊಂದನ್ನು ಊಹಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ವಿವರಣೆಗಾಗಿ ಮಾಡಿಕೊಂಡವು. ಬೆಳಗಿನ ಪಾಳಿ 6ರಿಂದ 2, ಮಧ್ಯಾಹ್ನದ್ದು 2ರಿಂದ 10, ರಾತ್ರಿಯದು 10ರಿಂದ 6. ಲಾರಿ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ 11ಕ್ಕೆ ಮತ್ತು ಸಂಜೆ 7ಕ್ಕೆ ಹೊರಡುತ್ತದೆ. ಸುತ್ತಲಿನ ಊರುಗಳ ಅಂಗಡಿಕಾರರು ದಿನದ ವ್ಯಾಪಾರ ಮುಗಿಸಿ, ಉಳಿದ ದಾಸ್ತಾನು ನೋಡಿಕೊಂಡು, ರಾತ್ರಿ 8ರ ಸುಮಾರಿಗೆ ಆರ್ಡರು ಕಳಿಸುತ್ತಾರೆ.

ಅಂಥ ಒಂದು ಆರ್ಡರನ್ನು ಹಿಂಬಾಲಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ರಾತ್ರಿ 8ಕ್ಕೆ ಬಂದದ್ದನ್ನು 11ಕ್ಕೆ ಕೈಗೆತ್ತಿಕೊಂಡರು. ಆಯ್ಕೆಗೆ 25 ನಿಮಿಷ, ತಪಾಸಣೆ ಮತ್ತು ಬಿಲ್ಲಿಗೆ 15 ನಿಮಿಷ. 11.40ಕ್ಕೆ ಚೀಲ ಸಿದ್ಧ. ಅಲ್ಲಿಂದ ಮರುದಿನ ಬೆಳಿಗ್ಗೆ 11ರ ಲಾರಿಯವರೆಗೆ ಅದು ಬಾಗಿಲ ಬಳಿ ಕೂತಿತ್ತು. ಒಟ್ಟು ಅವಧಿ 15 ಗಂಟೆ. ಅದರಲ್ಲಿ ಕೈಕೆಲಸ 40 ನಿಮಿಷ, ಲಾರಿಗಾಗಿ ಕಾದದ್ದು 11 ಗಂಟೆ 20 ನಿಮಿಷ.

ಈ 15 ಗಂಟೆ ಯಾರ ಲೆಕ್ಕಕ್ಕೆ? ಆರ್ಡರು ಬಂದ ಪಾಳಿಗೆ ಬರೆದರೆ ಮಧ್ಯಾಹ್ನದವರು ನಿಧಾನಿಗಳು. ಆಯ್ದ ಪಾಳಿಗೆ ಬರೆದರೆ ರಾತ್ರಿಯವರು. ರವಾನಿಸಿದ ಪಾಳಿಗೆ ಬರೆದರೆ, ಆ ಸರಕನ್ನು ಲಾರಿಗೆ ಏರಿಸಿದ್ದಷ್ಟೇ ಹೊರತು ಬೇರೇನೂ ಮಾಡದ ಬೆಳಗಿನವರು. ಹೆಚ್ಚಿನ ವರದಿಗಳು ಕೊನೆಯ ಕ್ರಮವನ್ನೇ ಅನುಸರಿಸುತ್ತವೆ, ಏಕೆಂದರೆ ರವಾನೆಯ ಗುರುತು ಬಿದ್ದಾಗಲೇ ಆರ್ಡರಿನ ದಾಖಲೆ ಮುಗಿಯುತ್ತದೆ. ಬೆಳಗಿನ ಲಾರಿಯಲ್ಲಿ ಹೊರಟ 40 ಆರ್ಡರುಗಳಲ್ಲಿ 24 ಹಿಂದಿನ ರಾತ್ರಿಯವು, ತಲಾ 15 ಗಂಟೆ ಹಳೆಯವು. ಉಳಿದ 16 ಅದೇ ದಿನ ಬೆಳಿಗ್ಗೆ ಬಂದವು, ತಲಾ 3 ಗಂಟೆಯವು. ಸರಾಸರಿ 10.2 ಗಂಟೆ. 10 ಗಂಟೆ ತೆಗೆದುಕೊಂಡ ಆರ್ಡರು ಅಲ್ಲಿ ಒಂದೂ ಇಲ್ಲ! ರಾತ್ರಿ ಪಾಳಿಯ ಹೊತ್ತಿನಲ್ಲಿ ಲಾರಿಯೇ ಇಲ್ಲದ್ದರಿಂದ ಅದರ ಸಾಲಿನಲ್ಲಿ ರವಾನೆ ಸೊನ್ನೆ. ವರದಿಯನ್ನು ಮಾತ್ರ ಓದಿದವರಿಗೆ ರಾತ್ರಿಯಿಡೀ ಮಲಗಿದ್ದರೇನೋ ಎನಿಸೀತು.

ಸರಿಯಾದ ಕ್ರಮವೆಂದರೆ ಪ್ರತಿ ಅಂತರವನ್ನು ಅದು ನಡೆದ ಪಾಳಿಗೆ ಬರೆಯುವುದು, ಲಾರಿಗಾಗಿ ಕಾದ ಹೊತ್ತನ್ನು ಯಾವ ಪಾಳಿಗೂ ಸೇರಿಸದೆ ಸಾಗಣೆಯ ವೇಳಾಪಟ್ಟಿಯ ಲೆಕ್ಕಕ್ಕೆ ಹಾಕುವುದು. ಸರಾಸರಿಯ ಜೊತೆಗೆ ನಡುವಣ ಮೌಲ್ಯವನ್ನೂ, ಹತ್ತರಲ್ಲಿ ಒಂಬತ್ತು ಆರ್ಡರುಗಳು ಎಷ್ಟು ಹೊತ್ತಿನೊಳಗೆ ಹೊರಟವು ಎಂಬುದನ್ನೂ ಕೊಡಬೇಕು. ಇಲ್ಲಿ ಅವೆರಡೂ 15 ಗಂಟೆಯೇ. ಅಂಗಡಿಕಾರರ ಅನುಭವಕ್ಕೆ ಹತ್ತಿರವಾದದ್ದು 10.2 ಅಲ್ಲ, ಈ 15.

ಲಾರಿಯನ್ನು 11ರ ಬದಲು 7ಕ್ಕೇ ಹೊರಡಿಸಿದರೆ ಸಾಕಲ್ಲವೇ ಎಂದು ತೋರಬಹುದು. ಆಗ ರಾತ್ರಿಯ 24 ಆರ್ಡರುಗಳ ಅವಧಿ 11 ಗಂಟೆಗೆ ಇಳಿಯುತ್ತದೆ. ಆದರೆ ಬೆಳಿಗ್ಗೆ 8ಕ್ಕೆ ಬರುವ 16 ಆರ್ಡರುಗಳು ಸಂಜೆ 7ರವರೆಗೆ ಕಾಯಬೇಕಾಗಿ ಅವೂ 11 ಗಂಟೆಯವಾಗುತ್ತವೆ. ಸರಾಸರಿ 10.2ರಿಂದ 11ಕ್ಕೆ ಏರುತ್ತದೆ. 11ರ ಲಾರಿಯನ್ನು ಹಾಗೆಯೇ ಉಳಿಸಿ, ರಾತ್ರಿ ಸಿದ್ಧವಾದ ಸರಕಿಗೆ 7ಕ್ಕೆ ಒಂದು ಸಣ್ಣ ಗಾಡಿಯನ್ನು ಸೇರಿಸಿದರೆ ಸರಾಸರಿ 7.8 ಗಂಟೆಗೆ ಇಳಿಯುತ್ತದೆ, ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಬೀಜವೂ ತಲುಪುತ್ತದೆ. ಗಾಡಿಯ ಬಾಡಿಗೆ ಅದಕ್ಕೆ ತಕ್ಕುದೇ ಎಂಬುದು ಬೇರೆ ಪ್ರಶ್ನೆ. ಆದರೆ ಆಳುಗಳನ್ನು ಬೇಗ ನಡೆಯಿರೆಂದು ಗದರಿಸಿ ಗಳಿಸಬಹುದಾದದ್ದು 40 ನಿಮಿಷದ ಒಳಗಿನ ಒಂದು ಪಾಲು ಮಾತ್ರ.

### ತಪ್ಪುಗಳ ಲೆಕ್ಕ

ಅದೇ ಗೋದಾಮಿನ ಒಂದು ವಾರದ ನಿಖರತೆ ಹೀಗಿದೆ ಎಂದಿಟ್ಟುಕೊಳ್ಳೋಣ:

| ಪಾಳಿ | ಆಯ್ದ ಸಾಲು | ಒಟ್ಟು ತಪ್ಪು | ತಪಾಸಣೆಯಲ್ಲಿ ಸಿಕ್ಕವು | ಅಂಗಡಿ ತಲುಪಿದವು | ನಿಖರತೆ (ಶೇ.) |
|---|---|---|---|---|---|
| ಬೆಳಿಗ್ಗೆ | 780 | 4 | 0 | 4 | 99.5 |
| ಮಧ್ಯಾಹ್ನ | 600 | 4 | 2 | 2 | 99.3 |
| ರಾತ್ರಿ | 720 | 7 | 6 | 1 | 99.0 |

ಕೊನೆಯ ಕಲಮನ್ನಷ್ಟೇ ನೋಡಿದರೆ ರಾತ್ರಿ ಪಾಳಿ ಎಲ್ಲರಿಗಿಂತ ಹಿಂದೆ. ನಡುವಿನ ಎರಡು ಕಲಮುಗಳು ಬೇರೆ ಮಾತು ಹೇಳುತ್ತವೆ. ರಾತ್ರಿಯ ಏಳು ತಪ್ಪುಗಳಲ್ಲಿ ಆರು ಗೋದಾಮಿನ ಮೇಜಿನ ಮೇಲೆಯೇ ಸಿಕ್ಕು ಸರಿಯಾದವು, ಒಂದೇ ಒಂದು ಹೊರಗೆ ಹೋಯಿತು. ಬೆಳಿಗ್ಗೆ ತಪಾಸಣೆಯವನು ಲಾರಿ ತುಂಬಿಸುವ ಗಡಿಬಿಡಿಯಲ್ಲಿರುವುದರಿಂದ ಮೇಜಿನಲ್ಲಿ ಒಂದೂ ಸಿಗಲಿಲ್ಲ, ನಾಲ್ಕೂ ಅಂಗಡಿ ತಲುಪಿದವು. ಅಂಗಡಿ ತಲುಪಿದವನ್ನು ಮಾತ್ರ ಎಣಿಸಿದರೆ ರಾತ್ರಿಯ ನಿಖರತೆ ಶೇಕಡಾ 99.9, ಬೆಳಗಿನದು 99.5. ಬೆಳಗಿನ ಆ ನಾಲ್ಕು ಕೂಡ ದೂರು ಬಂದವು ಮಾತ್ರ. ಯಾರೂ ನೋಡದೆ ಮಾರಾಟವಾದ ತಪ್ಪು ಪೊಟ್ಟಣಗಳು ಯಾವ ಕಲಮಿಗೂ ಬರುವುದಿಲ್ಲ. ಹುಡುಕುವವರಿಗೆ ತಪ್ಪು ಹೆಚ್ಚು ಸಿಗುತ್ತದೆ. ಇದನ್ನು ಮರೆತು ಬಹುಮಾನ ಕೊಡತೊಡಗಿದರೆ ತಪಾಸಣೆಯೇ ನಿಂತುಹೋಗುತ್ತದೆ.

ಪಾಳಿಗಳನ್ನು ನ್ಯಾಯವಾಗಿ ಹೋಲಿಸಬೇಕಾದರೆ ಎಲ್ಲ ಪಾಳಿಗಳಿಗೂ ಒಂದೇ ಬಗೆಯ ಮರುತಪಾಸಣೆ ಬೇಕು. ಪ್ರತಿ ಪಾಳಿಯಿಂದ ದಿನಕ್ಕೆ ಐದು ಸಿದ್ಧ ಆರ್ಡರುಗಳನ್ನು ಚೀಟಿ ಎತ್ತಿ ಆರಿಸಿ, ಆ ಪಾಳಿಗೆ ಸೇರದ ಒಬ್ಬರು ಬಿಚ್ಚಿ ನೋಡುವುದು ಒಂದು ಕ್ರಮ. ಇದಕ್ಕೂ ಮಿತಿಯಿದೆ. ಆರ್ಡರಿಗೆ ಐದು ಸಾಲಿನಂತೆ ವಾರದ ಆರು ದಿನಕ್ಕೆ 150 ಸಾಲುಗಳಾಗುತ್ತವೆ. ನೂರಕ್ಕೆ ಒಂದು ತಪ್ಪಿರುವೆಡೆ ಅದರಲ್ಲಿ ಸಿಗುವುದು ಒಂದೋ ಎರಡೋ. ಹೀಗಾಗಿ ಒಂದು ವಾರದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಲಾಗದು. ಇಡೀ ಹಂಗಾಮಿನ ಲೆಕ್ಕ ಕೂಡಿಸಬೇಕು. ಮೇಲಿನ ಪಟ್ಟಿಯ ನಾಲ್ಕು ಮತ್ತು ಏಳರ ನಡುವಿನ ವ್ಯತ್ಯಾಸವೂ ಕೇವಲ ಆಕಸ್ಮಿಕವಾಗಿರಬಹುದು.

ಎಣಿಕೆಗಿಂತ ಹೆಚ್ಚು ತಿಳಿಸುವುದು ತಪ್ಪಿನ ಬಗೆ. ಈ ಹದಿನೈದು ತಪ್ಪುಗಳಲ್ಲಿ ಒಂಬತ್ತು ಲಾಟಿನ ತಪ್ಪುಗಳೆಂದುಕೊಳ್ಳೋಣ. ತಳಿ ಸರಿ, ತೂಕ ಸರಿ, ಲಾಟ್ ಮಾತ್ರ ಬೇರೆ. ಅವುಗಳಲ್ಲಿ ಐದು ರಾತ್ರಿಯವು, ಮತ್ತು ಒಂಬತ್ತೂ ಮೆಕ್ಕೆಜೋಳದ ಅಕ್ಕಪಕ್ಕದ ಎರಡು ಕಪಾಟುಗಳಲ್ಲಿ ಆದವು. ಕಾರಣ ಹುಡುಕಿದರೆ ಸಿಗುವುದು ಇದು: ಹೊಸ ಲಾಟಿನ ಸರಕು ಸಂಜೆ ಇಳಿಯುತ್ತದೆ. ಮಧ್ಯಾಹ್ನದ ಪಾಳಿಯವರು ಮನೆಗೆ ಹೊರಡುವ ಮುನ್ನ ಅದನ್ನು ಹಳೆಯ ಲಾಟಿನ ಅರ್ಧ ಖಾಲಿ ಕಪಾಟಿಗೇ ತುಂಬುತ್ತಾರೆ. ಬೆರೆತ ಕಪಾಟಿಗೆ ಮೊದಲು ಕೈ ಹಾಕುವವರು ರಾತ್ರಿಯವರು. ಅವರಿಗೆ ನಿದ್ದೆಗಣ್ಣು ಇದ್ದಿರಲೂಬಹುದು, ಆದರೆ ತಪ್ಪು ಹುಟ್ಟಿದ್ದು ಸಂಜೆ ಒಂಬತ್ತೂವರೆಗೆ. ಒಂದು ಕಪಾಟಿನ ಗೂಡಿಗೆ ಒಂದೇ ಲಾಟ್ ಎಂಬ ಕಟ್ಟಳೆ ಮತ್ತು ಅವಧಿ ಮೊದಲು ಮುಗಿಯುವ ಲಾಟನ್ನು ಎದುರಿಗೆ ಇಡುವ ಕ್ರಮ, ಇವೆರಡರಿಂದ ಈ ಬಗೆಯ ತಪ್ಪು ಬಹುಮಟ್ಟಿಗೆ ಹೋಗುತ್ತದೆ. ಆದ್ದರಿಂದ ತಪ್ಪಿನ ದಾಖಲೆಯಲ್ಲಿ ಪಾಳಿಯ ಜೊತೆಗೆ ಕಪಾಟಿನ ಸಂಖ್ಯೆಗೂ ಒಂದು ಕಲಮು ಬೇಕು.

## ವರದಿಗೆ ಕಾಣದ ತಪ್ಪು

ಬೇರೆ ಸರಕಿನಲ್ಲಿ ಕೊಂಡವನು ಪೊಟ್ಟಣ ಬಿಚ್ಚಿದಾಗಲೇ ತಪ್ಪು ತಿಳಿಯುತ್ತದೆ. ಬೀಜದಲ್ಲಿ ಹಾಗಲ್ಲ. ಒಂದು ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಇನ್ನೊಂದರಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಪೊಟ್ಟಣದ ಮೇಲಿನ ಹೆಸರನ್ನು ಅಂಗಡಿಯವನೂ ರೈತನೂ ಓದದೆ ಬಿತ್ತಿದರೆ, ಅಲ್ಪಾವಧಿ ತಳಿಯ ಬದಲು ದೀರ್ಘಾವಧಿಯದು ಹೊಲ ಸೇರಿದ್ದು ಗೊತ್ತಾಗುವುದು ಸೂಲಂಗಿ ಬರಬೇಕಾದ ಹೊತ್ತಿಗೆ ಬಾರದಿದ್ದಾಗ. ಆ ವೇಳೆಗೆ ಗೋದಾಮಿನ ವರದಿ ಕಡತ ಸೇರಿ ಎಷ್ಟೋ ವಾರಗಳಾಗಿರುತ್ತವೆ. ಹಿಂಗಾರಿಗೆ ಹೊಲ ಖಾಲಿಯಾಗುವುದೂ ತಡವಾಗುತ್ತದೆ.

ಈ ಕಾರಣಕ್ಕೆ ಆಯ್ಕೆಪಟ್ಟಿಗಳನ್ನು ಕನಿಷ್ಠ ಆ ಹಂಗಾಮಿನ ಕೊಯ್ಲು ಮುಗಿಯುವವರೆಗೆ ಕಾದಿಡುವುದು ಒಳ್ಳೆಯದು. ದೂರು ಬಂದಾಗ ಬಿಲ್ಲಿನ ಲಾಟ್ ಸಂಖ್ಯೆ ಹಿಡಿದು ಆಯ್ಕೆಪಟ್ಟಿಗೆ, ಅಲ್ಲಿಂದ ಪಾಳಿಗೆ ಮತ್ತು ಕಪಾಟಿಗೆ ಹೋಗಬಹುದು. ಅದೇ ಪಾಳಿಯಲ್ಲಿ ಅದೇ ಕಪಾಟಿನಿಂದ ಸರಕು ಪಡೆದ ಉಳಿದ ಅಂಗಡಿಗಳನ್ನು ಗುರುತಿಸಿ, ಬೀಜ ಇನ್ನೂ ಮಾರಾಟವಾಗದಿದ್ದರೆ ಹಿಂದಕ್ಕೆ ತರಿಸಬಹುದು.

## ಕೆಲಸಗಾರರು ಮತ್ತು ಗುರಿ

ಪಾಳಿವಾರು ಅಂಕಿಗಳು ಬೇಗನೆ ಗುರಿಗಳಾಗಿ ಬದಲಾಗುತ್ತವೆ, ಗುರಿಗಳು ಆಳಿನ ತಲೆಯ ಮೇಲೆ ಇಳಿಯುತ್ತವೆ. ದೊಡ್ಡ ಗೋದಾಮುಗಳಲ್ಲಿ ಇದು ಕಾನೂನಿನ ವಿಷಯವೂ ಆಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ದೊಡ್ಡ ಗೋದಾಮಿನ ಮಾಲೀಕರು ಕೆಲಸದ ಗುರಿಯನ್ನು ಕೆಲಸಗಾರರಿಗೆ ಬರಹದಲ್ಲಿ ತಿಳಿಸಬೇಕು. ಊಟದ ಬಿಡುವನ್ನೋ ಶೌಚಾಲಯಕ್ಕೆ ಹೋಗುವುದನ್ನೋ ತಪ್ಪಿಸುವಂಥ ಗುರಿಯನ್ನು ಅದು ನಿಷೇಧಿಸುತ್ತದೆ.

ವೇಗ ಮತ್ತು ನಿಖರತೆಗಳಲ್ಲಿ ಒಂದಕ್ಕೆ ಮಾತ್ರ ಗುರಿ ಇಟ್ಟರೆ ಇನ್ನೊಂದು ಕುಸಿಯುತ್ತದೆ. 11ರ ಲಾರಿಗೆ ಮುನ್ನಿನ ಒಂದು ಗಂಟೆಯ ತಪ್ಪುಗಳನ್ನು ಬೇರೆಯಾಗಿ ಎಣಿಸಿ ನೋಡಿದರೆ ಇದು ತಿಳಿದುಬರುತ್ತದೆ. ತಪ್ಪುಗಳು ಆ ಗಂಟೆಯಲ್ಲೇ ಒತ್ತಾಗಿದ್ದರೆ, 10ರ ನಂತರ ಬಂದ ಆರ್ಡರನ್ನು ಸಂಜೆಯ ಲಾರಿಗೆ ಬಿಡುವುದು ಲೇಸು. ಅದರಿಂದ ಕೆಲವು ಆರ್ಡರುಗಳ ರವಾನೆ ಅವಧಿ ಎಂಟು ಗಂಟೆ ಹೆಚ್ಚುತ್ತದೆ, ಮತ್ತು ವರದಿಯಲ್ಲಿ ಹಾಗೆಯೇ ಕಾಣುತ್ತದೆ.